ಜಾಹೀರಾತಿನ ಕೊನೆಯ 5 ಸೆಕೆಂಡು: ಲೋಗೋ, ಅಡಿಬರಹ, ವಿಳಾಸ ನೋಡುಗರ ಮನಸ್ಸಿಗೆ ಇಳಿಯುವಂತೆ ಜೋಡಿಸುವ ಬಗೆ

ಊರಿನ ಅಂಗಡಿಯೊಂದರ 20 ಸೆಕೆಂಡಿನ ಜಾಹೀರಾತನ್ನು ನೋಡಿದವರಿಗೆ ಅಜ್ಜಿ ಮೊಮ್ಮಗಳ ಕೈಗೆ ಪಾತ್ರೆ ಕೊಟ್ಟದ್ದು ನೆನಪಿರುತ್ತದೆ. ಅಂಗಡಿ ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಕಥೆ ಚೆನ್ನಾಗಿಲ್ಲದ್ದರಿಂದ ಹೀಗಾಗುವುದು ಕಡಿಮೆ. ಕೊನೆಯಲ್ಲಿ ಬರುವ ಹೆಸರು, ಅಡಿಬರಹ, ವಿಳಾಸ ಮೂರೂ ಒಟ್ಟಿಗೆ ನುಗ್ಗಿ, ಯಾವುದನ್ನೂ ಓದಿ ಮುಗಿಸುವ ಮೊದಲೇ ಪರದೆ ಖಾಲಿಯಾಗಿರುತ್ತದೆ. ಎಡಿಟಿಂಗ್ ಟೇಬಲ್ಲಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಕೂತ ಎಲ್ಲರಿಗೂ ಆ ಹೆಸರು ಬಾಯಿಪಾಠ.

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯ ಭಾಗವನ್ನು ಫ್ರೇಮ್ ಲೆಕ್ಕದಲ್ಲಿ ಕಟ್ಟೋಣ. ದಾವಣಗೆರೆಯ ಒಂದು ಪಾತ್ರೆ ಅಂಗಡಿ ಎಂದುಕೊಳ್ಳಿ. ಜಾಹೀರಾತು 20 ಸೆಕೆಂಡಿನದು. ಊರಿನ ಕೇಬಲ್ ಚಾನೆಲ್‌ನಲ್ಲಿ ಮತ್ತು ಚಿತ್ರಮಂದಿರದ ಇಂಟರ್‌ವಲ್‌ನಲ್ಲಿ ಬರಬೇಕು. ನಮ್ಮ ಟಿವಿ ಪ್ರಸಾರ ಸೆಕೆಂಡಿಗೆ 25 ಫ್ರೇಮ್ ಆದ್ದರಿಂದ ನಮ್ಮ ಕೈಯಲ್ಲಿರುವುದು 500 ಫ್ರೇಮ್. ಮುಂದೆ ನಾನು 15:10 ಎಂದು ಬರೆದರೆ 15 ಸೆಕೆಂಡು, 10 ಫ್ರೇಮ್ ಎಂದರ್ಥ. ಟೈಮ್‌ಲೈನಿನಲ್ಲೂ ಹಾಗೇ ಕಾಣುತ್ತದೆ.

ಮೊದಲ ಕೆಲಸ: ಪಟ್ಟಿಯಿಂದ ತೆಗೆಯುವುದು

ಮಾಲೀಕರು ಕೊಡುವ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಅಂಗಡಿಯ ಹೆಸರು, ಲೋಗೋ, ಅಡಿಬರಹ, ಎರಡು ಮೊಬೈಲ್ ನಂಬರ್, ಪಿನ್‌ಕೋಡ್ ಸಹಿತ ಪೂರ್ತಿ ವಿಳಾಸ, ಇನ್‌ಸ್ಟಾಗ್ರಾಂ ಹೆಸರು, ಸಾಧ್ಯವಾದರೆ ಒಂದು ಕ್ಯೂಆರ್ ಕೋಡ್. ಇಷ್ಟನ್ನೂ ಹಾಕಿದರೆ ಅದು ವಿಸಿಟಿಂಗ್ ಕಾರ್ಡ್ ಆಗುತ್ತದೆ. ವಿಸಿಟಿಂಗ್ ಕಾರ್ಡನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಬಹುದು. ಜಾಹೀರಾತಿನ ಕೊನೆಯಲ್ಲಿ ಹೆಸರು, ಲೋಗೋ ತೋರಿಸುವ ಎಂಡ್ ಕಾರ್ಡಿಗೆ ಆ ಸೌಲಭ್ಯವಿಲ್ಲ.

ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ನೋಡಿದವರು ಇದನ್ನಿಟ್ಟುಕೊಂಡು ಮುಂದೆ ಏನು ಮಾಡುತ್ತಾರೆ? ಪಾತ್ರೆ ಅಂಗಡಿಗೆ ಜನ ಫೋನ್ ಮಾಡುವುದಕ್ಕಿಂತ ನಡೆದು ಬರುವುದೇ ಹೆಚ್ಚು. ಅವರಿಗೆ ಬೇಕಾದದ್ದು ಹೆಸರು ಮತ್ತು ಗುರುತಿನ ಜಾಗ. "ಹಳೇ ಬಸ್ ನಿಲ್ದಾಣದ ಎದುರು" ಅಂದರೆ ಸಾಕು. ಅಡ್ಡರಸ್ತೆಯ ಸಂಖ್ಯೆಯಾಗಲಿ ಪಿನ್‌ಕೋಡ್ ಆಗಲಿ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಜಾಹೀರಾತು ಬರುವುದು ಇದೇ ಊರಿನಲ್ಲಿ ಮಾತ್ರ ಆದ್ದರಿಂದ "ದಾವಣಗೆರೆ" ಎಂಬುದೂ ಬೇಡ.

ಮೊಬೈಲ್ ನಂಬರಿನ ಬಗ್ಗೆ ಮಾಲೀಕರು ಹಟ ಹಿಡಿಯುತ್ತಾರೆ. ಅವರಿಗೆ ಲೆಕ್ಕವನ್ನೇ ತೋರಿಸಿ. ಕನ್ನಡದಲ್ಲಿ ಒಂದೊಂದು ಅಂಕಿಯ ಹೆಸರಿಗೂ ಎರಡು ಮೂರು ಅಕ್ಷರ. ಹತ್ತು ಅಂಕಿ ಹೇಳಿ, ನಡುವೆ ಒಂದು ಉಸಿರು ತೆಗೆದುಕೊಂಡರೆ ಸುಮಾರು 5 ಸೆಕೆಂಡು ಹೋಯಿತು, ಅಂದರೆ ಇಡೀ ಜಾಹೀರಾತಿನ ಕಾಲು ಭಾಗ. ಅಷ್ಟು ಕೊಟ್ಟರೂ ಅದು ನೆನಪಿನಲ್ಲಿ ನಿಲ್ಲುವುದಿಲ್ಲ. ಮನುಷ್ಯ ಒಮ್ಮೆಗೆ ಏಳು, ಎರಡು ಹೆಚ್ಚು ಅಥವಾ ಎರಡು ಕಮ್ಮಿ, ಇಷ್ಟೇ ಬಿಡಿ ಸಂಗತಿಗಳನ್ನು ತಲೆಯಲ್ಲಿ ಹಿಡಿದುಕೊಳ್ಳಬಲ್ಲ ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದರು. ಹತ್ತು ಅಂಕಿ ಆ ಮಿತಿಯನ್ನು ದಾಟುತ್ತದೆ. ಆದ್ದರಿಂದ ಈ ಜಾಹೀರಾತಿನಲ್ಲಿ ನಂಬರ್ ಬೇಡ.

ನಂಬರೇ ಮುಖ್ಯವಾದ ವ್ಯಾಪಾರಗಳೂ ಇವೆ. ನೀರಿನ ಟ್ಯಾಂಕರ್, ಮೋಟಾರ್ ರಿಪೇರಿ ಇಂಥವರ ಜಾಹೀರಾತಿನ ದಾರಿ ಬೇರೆ: ನಂಬರ್ ಮೊದಲ ಸೆಕೆಂಡಿನಿಂದಲೇ ಪರದೆಯ ಕೆಳಗೆ ನಿಂತಿರಬೇಕು, ಐದೈದು ಅಂಕಿಯ ಎರಡು ಗುಂಪಾಗಿ. ಕೊನೆಯ 5 ಸೆಕೆಂಡನ್ನು ಪೂರ್ತಿ ಅದನ್ನು ಹೇಳುವುದಕ್ಕೇ ಬಿಟ್ಟುಕೊಟ್ಟು ಅಡಿಬರಹವನ್ನು ಕೈಬಿಡಬೇಕು. ಎರಡನ್ನೂ ಅರ್ಧರ್ಧ ಮಾಡಿದರೆ ಎರಡೂ ಕೈತಪ್ಪುತ್ತವೆ. ಕ್ಯೂಆರ್ ಕೋಡನ್ನು ಯಾವ ಆವೃತ್ತಿಯಲ್ಲೂ ನಾನು ಹಾಕುವುದಿಲ್ಲ. ಟಿವಿಯ ಮುಂದೆ ಕೂತವರು ಫೋನ್ ತೆಗೆದು ಕ್ಯಾಮೆರಾ ತೆರೆಯುವಷ್ಟರಲ್ಲಿ ಮುಂದಿನ ಜಾಹೀರಾತು ಓಡುತ್ತಿರುತ್ತದೆ. ಫೋನಿನಲ್ಲೇ ನೋಡುತ್ತಿರುವವರು ಅದೇ ಫೋನಿನ ಕ್ಯಾಮೆರಾದಿಂದ ಅದನ್ನು ಸ್ಕ್ಯಾನ್ ಮಾಡಲಾರರು.

ಉಳಿದದ್ದು ಮೂರು: ಹೆಸರಿನ ಸಮೇತ ಲೋಗೋ, ಅಡಿಬರಹ, ಗುರುತಿನ ಜಾಗ.

ಎರಡನೆಯದು: ಅಕ್ಷರ ಎಣಿಸಿ, ಸೆಕೆಂಡು ಹಂಚಿ

ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಲೆಕ್ಕ ಕನ್ನಡಕ್ಕೆ ಒಗ್ಗುವುದಿಲ್ಲ. ನಮ್ಮಲ್ಲಿ "ಅಡುಗೆಮನೆಯವರಿಗೂ" ಕೂಡ ಒಂದೇ ಪದ. ಅದರ ಬದಲು ಅಕ್ಷರ ಎಣಿಸಿ. ಒತ್ತಕ್ಷರ, ಗುಣಿತಾಕ್ಷರ ಎಲ್ಲವೂ ಒಂದೊಂದೇ. ಅವಸರವಿಲ್ಲದೆ ಗಟ್ಟಿಯಾಗಿ ಓದಿದರೆ ಸೆಕೆಂಡಿಗೆ ಸುಮಾರು 5 ಅಕ್ಷರ ಎಂದು ಇಟ್ಟುಕೊಳ್ಳಿ. ಮನಸ್ಸಿನಲ್ಲಿ ಓದುವುದು ಇದಕ್ಕಿಂತ ವೇಗ, ನಿಜ. ಆದರೆ ಜಾಹೀರಾತು ನೋಡುವವರು ಓದಲೆಂದು ಕಾದು ಕೂತಿರುವುದಿಲ್ಲ. ನಿಧಾನದ ಲೆಕ್ಕ ಹಾಕಿದರೆ ಅವರ ಅರೆಗಮನಕ್ಕೂ ಜಾಗ ಸಿಗುತ್ತದೆ.

ಮಾಲೀಕರು ಕೊಟ್ಟ ಅಡಿಬರಹ "ಮೂರು ತಲೆಮಾರಿನಿಂದ ನಿಮ್ಮ ಅಡುಗೆಮನೆಯ ಜೊತೆಗೆ" ಎಂದಿರಲಿ. ಎಣಿಸಿದರೆ 19 ಅಕ್ಷರ, ಹೆಚ್ಚುಕಡಿಮೆ 4 ಸೆಕೆಂಡು. ಅದು ಹೇಳುವುದೂ ಅಂಗಡಿಯ ವಯಸ್ಸನ್ನು, ಪಾತ್ರೆಯ ಬಗ್ಗೆ ಏನೂ ಇಲ್ಲ. "ತಲೆಮಾರು ಬಾಳುವ ಪಾತ್ರೆ" ಎಂದರೆ 9 ಅಕ್ಷರ, 1.8 ಸೆಕೆಂಡು. ಅಜ್ಜಿ ಮೊಮ್ಮಗಳ ಕಥೆಯೂ ಅದೇ. ಅಂಗಡಿಯ ಹೆಸರು 6 ಅಕ್ಷರದ್ದೆಂದು ಹಿಡಿದರೆ 1.2 ಸೆಕೆಂಡು. "ಹಳೇ ಬಸ್ ನಿಲ್ದಾಣದ ಎದುರು" 11 ಅಕ್ಷರ, 2.2 ಸೆಕೆಂಡು. ಒಟ್ಟು 5.2 ಸೆಕೆಂಡು, ಅಂದರೆ 130 ಫ್ರೇಮ್. ಇದು ಬರೀ ಮಾತಿನ ಸಮಯ, ನಡುವಿನ ಬಿಡುವು ಇನ್ನೂ ಸೇರಿಲ್ಲ.

ವಾಯ್ಸ್ ಓವರ್ ಕಲಾವಿದರನ್ನು ಕರೆಯುವ ಮೊದಲೇ ಈ ಮೂರು ಸಾಲನ್ನು ನಿಮ್ಮದೇ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಟೈಮ್‌ಲೈನಿನ ಮೇಲೆ ಇಡಿ. ಕಥೆಯ ದೃಶ್ಯಗಳನ್ನು ಕತ್ತರಿಸುವ ಮೊದಲು ಇದು ಆಗಬೇಕು. ಕಥೆಯನ್ನು 17 ಸೆಕೆಂಡಿನವರೆಗೆ ಎಳೆದು, ಉಳಿದ 3 ಸೆಕೆಂಡಿನಲ್ಲಿ ಎಲ್ಲವನ್ನೂ ತುರುಕುವ ಪರಿಸ್ಥಿತಿ ಬರುವುದು ಈ ಹೆಜ್ಜೆ ತಪ್ಪಿದಾಗಲೇ.

ಮೂರನೆಯದು: ಕೊನೆಯಿಂದ ಹಿಂದಕ್ಕೆ ಕಟ್ಟುವುದು

ಜೋಡಿಸುವ ಮೊದಲು ಕಣ್ಣಿನ ಬಗ್ಗೆ ಎರಡು ಸಂಗತಿ ಗೊತ್ತಿರಬೇಕು. ಪರದೆಯಲ್ಲಿ ಹೊಸದೊಂದು ಕಾಣಿಸಿಕೊಂಡ ಮೇಲೆ ಕಣ್ಣು ಅತ್ತ ಹೊರಡುವುದಕ್ಕೆ ಸುಮಾರು 0.2 ಸೆಕೆಂಡು ಬೇಕು, ಅಂದರೆ 5 ಫ್ರೇಮ್. ಮನಸ್ಸು ಒಂದನ್ನು ಹಿಡಿದುಕೊಂಡ ಬೆನ್ನಿಗೇ, 0.2ರಿಂದ 0.5 ಸೆಕೆಂಡಿನ ಒಳಗೆ, ಇನ್ನೊಂದು ಬಂದರೆ ಆ ಎರಡನೆಯದು ಕಣ್ಣೆದುರೇ ಇದ್ದರೂ ಗಮನಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಒಂದು ಸಂಗತಿಯನ್ನು ಹೇಳಿ ಮುಗಿಸಿದ ಮೇಲೆ ಮುಂದಿನದರ ಮಾತಿಗೆ 10ರಿಂದ 15 ಫ್ರೇಮ್ ಬಿಡುವು ಬೇಕು. ಬರಹ ಮಾತಿಗಿಂತ 5 ಫ್ರೇಮ್ ಮೊದಲು ಬಂದಿರಬೇಕು. ಕಣ್ಣು ಅಲ್ಲಿ ಇಳಿದ ಹೊತ್ತಿಗೆ ಸರಿಯಾಗಿ ಕಿವಿಗೂ ಅದೇ ಬೀಳುತ್ತದೆ.

ಈಗ 20:00ರಿಂದ ಹಿಂದಕ್ಕೆ ಬನ್ನಿ. ಕೊನೆಯ 20 ಫ್ರೇಮ್‌ನಲ್ಲಿ ಯಾವ ಮಾತೂ ಇರಬಾರದು. ಎಲ್ಲ ಬರಹ ನಿಂತಲ್ಲೇ ನಿಂತಿರಬೇಕು. ಚಾನೆಲ್‌ನವರು ಒಂದು ಜಾಹೀರಾತಿಗೆ ಇನ್ನೊಂದನ್ನು ಅಂಟಿಸುವಾಗ ತುದಿಯ ಕೆಲವು ಫ್ರೇಮ್ ಹೋಗುವುದುಂಟು. ಹೋದರೂ ಏನೂ ಕಳೆದುಕೊಳ್ಳದಂತೆ ಈ ತುದಿಯನ್ನು ಬಿಟ್ಟಿರಬೇಕು. ಹಾಗಾಗಿ ಗುರುತಿನ ಜಾಗದ ಮಾತು 19:05ಕ್ಕೆ ಮುಗಿಯಬೇಕು. ಅದಕ್ಕೆ 55 ಫ್ರೇಮ್ ಬೇಕು, ಅಂದರೆ 17:00ಕ್ಕೆ ಶುರು. ಬರಹ ಅದಕ್ಕೂ 5 ಫ್ರೇಮ್ ಮೊದಲು, 16:20ಕ್ಕೆ.

ಹೆಸರಿನ ಮಾತು 16:15ಕ್ಕೆ ಮುಗಿದರೆ ಜಾಗದ ಮಾತಿಗೆ 10 ಫ್ರೇಮ್ ಬಿಡುವು ಸಿಗುತ್ತದೆ. ಅದರ 30 ಫ್ರೇಮ್ ಕಳೆದರೆ 15:10ಕ್ಕೆ ಶುರು. ಲೋಗೋ ಬರುವುದು 15:00ಕ್ಕೆ. ಇಲ್ಲಿ 5ರ ಬದಲು 10 ಫ್ರೇಮ್ ಮುಂಚೆ ತಂದದ್ದಕ್ಕೆ ಕಾರಣವಿದೆ: ಕಥೆಯ ದೃಶ್ಯದಿಂದ ಖಾಲಿ ಹಿನ್ನೆಲೆಗೆ ಕಟ್ ಆಗುತ್ತದೆ, ಕಣ್ಣು ದಾರಿ ಹುಡುಕಿಕೊಳ್ಳಲು ತುಸು ಹೆಚ್ಚು ಹೊತ್ತು ಬೇಕು.

ಅಡಿಬರಹವನ್ನು ಮಾತ್ರ ನಾನು ಎಂಡ್ ಕಾರ್ಡಿನಿಂದ ಹೊರಗೆ ತಂದು ಕಥೆಯ ಕೊನೆಯ ಶಾಟ್ ಮೇಲೆ ಇಡುತ್ತೇನೆ. ಇಡೀ ಜೋಡಣೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಒಂದು ಬದಲಾವಣೆ. ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಪಾತ್ರೆ ಹೋಗುತ್ತಿರುವಾಗಲೇ "ತಲೆಮಾರು ಬಾಳುವ ಪಾತ್ರೆ" ಎಂದು ಕೇಳಿದರೆ ಮಾತಿಗೆ ಚಿತ್ರವೇ ಸಾಕ್ಷಿ. ಅದೇ ಮಾತು ಬಿಳಿ ಹಿನ್ನೆಲೆಯ ಮೇಲೆ ಲೋಗೋದ ಕೆಳಗೆ ಬಂದರೆ ಯಾವ ಅಂಗಡಿಯದ್ದೂ ಆಗಬಹುದಾದ ಹೇಳಿಕೆಯಾಗಿ ಉಳಿಯುತ್ತದೆ. ಜೊತೆಗೆ ಕಾರ್ಡಿನ ಮೇಲೆ ಎರಡೇ ಸಂಗತಿ ಉಳಿದು ಅವಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

ಹಾಗಾಗಿ ಅಡಿಬರಹದ ಮಾತು 13:00ರಿಂದ 14:20ರವರೆಗೆ, 45 ಫ್ರೇಮ್. ಬರಹ 12:20ಕ್ಕೆ. ಆ ಶಾಟ್ ಶುರುವಾಗುವುದು 12:10ಕ್ಕೆ, ಏಕೆಂದರೆ ಕೈ, ಪಾತ್ರೆ, ಮುಖ ಇವುಗಳನ್ನು ಗುರುತಿಸಲು ಕಣ್ಣಿಗೆ 10 ಫ್ರೇಮ್ ಆದರೂ ಬೇಕು. ಅಂದರೆ ಈ ಶಾಟನ್ನು ಚಿತ್ರೀಕರಿಸುವಾಗಲೇ ಒಂದು ಪಕ್ಕ ಖಾಲಿ ಬಿಟ್ಟಿರಬೇಕು. ಎಡಿಟಿಂಗ್‌ಗೆ ಕೂತ ಮೇಲೆ ಜಾಗ ಹುಡುಕಿದರೆ ಬರಹ ಅಜ್ಜಿಯ ಹಣೆಯ ಮೇಲೆ ಹೋಗಿ ಕೂರುತ್ತದೆ, ಆಗ ನೋಡುವವರು ಮುಖವನ್ನೇ ನೋಡುತ್ತಾರೆ.

ಒಟ್ಟಾರೆ ಕಥೆಗೆ ಉಳಿದದ್ದು ಮೊದಲ 12 ಸೆಕೆಂಡು ಮತ್ತು 10 ಫ್ರೇಮ್. ನಿರ್ದೇಶಕರಿಗೆ ಇದು ಕಡಿಮೆ ಅನಿಸುತ್ತದೆ. ಆದರೆ ಲೋಗೋ ಪೂರ್ತಿ 5 ಸೆಕೆಂಡು, ಗುರುತಿನ ಜಾಗ 3 ಸೆಕೆಂಡು, ಅಡಿಬರಹ 2 ಸೆಕೆಂಡು ಪರದೆಯಲ್ಲಿ ನಿಲ್ಲುತ್ತವೆ. ಇದಕ್ಕಿಂತ ಕಮ್ಮಿ ಮಾಡಲೇಬೇಕಾಗಿ ಬಂದರೆ ಬಿಡುವುಗಳನ್ನು ಮುಟ್ಟಬೇಡಿ, ಅಕ್ಷರಗಳನ್ನು ಇಳಿಸಿ. ಹೆಸರನ್ನು ಮೊದಲೇ ಒಮ್ಮೆ ಕಣ್ಣಿಗೆ ಹಾಕುವುದೂ ಒಳ್ಳೆಯದು: ಮೂರನೆಯ ಸೆಕೆಂಡಿನ ಹೊತ್ತಿಗೆ ಅಂಗಡಿಯ ಕೈಚೀಲವೋ ಬೋರ್ಡೋ ದೃಶ್ಯದಲ್ಲಿ ಸಹಜವಾಗಿ ಕಂಡಿದ್ದರೆ, ಕೊನೆಯಲ್ಲಿ ಆ ಹೆಸರು ಗುರುತಿನದಾಗಿಯೇ ಬರುತ್ತದೆ.

ಇನ್ನೊಂದು, ಲೋಗೋ ಎಲ್ಲಿ ಬರಬೇಕು ಎಂಬುದು. ಕಟ್ ಆಗುವ ಮುಂಚಿನ ಫ್ರೇಮ್‌ನಲ್ಲಿ ಕಣ್ಣು ಎಲ್ಲಿರುತ್ತದೋ ಅಲ್ಲೇ. ಇಲ್ಲಿ ಕಣ್ಣು ಪಾತ್ರೆಯ ಮೇಲಿದೆ ಅಥವಾ ಆಗಷ್ಟೇ ಓದಿದ ಅಡಿಬರಹದ ಮೇಲಿದೆ. ಎರಡೂ ಬಲಭಾಗದಲ್ಲಿದ್ದರೆ ಲೋಗೋ ಎಡಮೂಲೆಯಲ್ಲಿ ಬರುವುದು ಬೇಡ. ಆ ಎರಡು ಫ್ರೇಮ್‌ಗಳನ್ನು ಒಂದರ ಮೇಲೊಂದು ಇಟ್ಟು ಪಾರದರ್ಶಕ ಮಾಡಿ ನೋಡಿದರೆ ಕೂಡಲೇ ತಿಳಿಯುತ್ತದೆ.

ನಿಂತಿರುವ ಹೊತ್ತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ

ಮೇಲಿನ ಲೆಕ್ಕವೆಲ್ಲ ಬರಹ ಸ್ಪಷ್ಟವಾಗಿ, ಅಲ್ಲಾಡದೆ ನಿಂತಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಒಂದು ಸೆಕೆಂಡು ಮಿನುಗುತ್ತ, ತಿರುಗುತ್ತ ಬರುವ ಲೋಗೋಗೆ 5 ಸೆಕೆಂಡು ಕೊಟ್ಟರೂ ಓದಲು ಸಿಗುವುದು ನಾಲ್ಕೇ. ಕೊನೆಯಲ್ಲಿ ಅರ್ಧ ಸೆಕೆಂಡಿನ ಫೇಡ್ ಔಟ್ ಹಾಕಿದರೆ ಮೂರೂವರೆ. ಬರುವ ಚಲನೆ 4 ಅಥವಾ 5 ಫ್ರೇಮ್ ಇರಲಿ, ಹೊರಹೋಗುವ ಚಲನೆ ಬೇಡವೇ ಬೇಡ. ಕೊನೆಯ ಫ್ರೇಮ್ ಪೂರ್ತಿ ಬೆಳಕಿನಲ್ಲೇ ಕಟ್ ಆಗಲಿ.

ಕನ್ನಡ ಬರಹಕ್ಕೆ ಇಲ್ಲಿ ಬೇರೆಯದೇ ತೊಂದರೆಯೊಂದಿದೆ. ಟೈಪ್‌ರೈಟರಿನಂತೆ ಒಂದೊಂದೇ ಅಕ್ಷರ ಮೂಡುವ ರೆಡಿಮೇಡ್ ಅನಿಮೇಶನ್‌ಗಳು ರೋಮನ್ ಲಿಪಿಗೆ ಮಾಡಿದಂಥವು. ಯೂನಿಕೋಡ್‌ನಲ್ಲಿ "ತ್ರೆ" ಎಂಬುದು ನಾಲ್ಕು ಸಂಕೇತಗಳ ಸರಣಿ: ತ, ಹಲಂತ, ರ, ಎತ್ವ. ಅನಿಮೇಶನ್ ಅದನ್ನು ಒಂದೊಂದಾಗಿ ತೋರಿಸಿದರೆ ಮೊದಲು "ತ", ಆಮೇಲೆ "ತ್", ಆಮೇಲೆ "ತ್ರ", ಕೊನೆಗೆ "ತ್ರೆ" ಎಂದು ಕಣ್ಣೆದುರೇ ರೂಪ ಬದಲಾಗುತ್ತದೆ. ಓದುವವರು ಪ್ರತಿ ಸಲವೂ ಮೊದಲಿಂದ ಓದಬೇಕು. ಪದಪದವಾಗಿ ಅಥವಾ ಇಡೀ ಸಾಲು ಒಮ್ಮೆಗೇ ಬರುವಂತೆ ಮಾಡಿ. ಅಕ್ಷರಗಳ ನಡುವಿನ ಅಂತರ ಹಿಗ್ಗುವ ಅನಿಮೇಶನ್ ಕೂಡ ಬೇಡ. ದೀರ್ಘ, ಒತ್ತು ತಮ್ಮ ಅಕ್ಷರವನ್ನು ಬಿಟ್ಟು ದೂರ ಸರಿದು ನಿಲ್ಲುತ್ತವೆ.

ಅನಿಮೇಶನ್ ಇಲ್ಲದೆಯೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಪ್ರೀಮಿಯರ್ ಅಥವಾ ಹಳೆಯ ಆಫ್ಟರ್ ಎಫೆಕ್ಟ್ಸ್‌ನ ಪ್ರಿಫರೆನ್ಸ್‌ಗಳಲ್ಲಿ ಪಠ್ಯದ ಎಂಜಿನ್ South Asian and Middle Eastern ಎಂದಿದೆಯೇ ನೋಡಿ. ಡಿಟಿಪಿ ಅಂಗಡಿಯಿಂದ ಬಂದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನ ಬರಹವಾದರೆ ಅದನ್ನು ಅಲ್ಲೇ ಪಾರದರ್ಶಕ ಹಿನ್ನೆಲೆಯ PNG ಮಾಡಿಸಿಕೊಳ್ಳಿ. ನಿಮ್ಮ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಅಂಚಿನ ಲೆಕ್ಕ ಚಿಕ್ಕದು. 1920×1080 ಫ್ರೇಮ್‌ನಲ್ಲಿ ಬರಹ ಎಡ ಬಲ ಅಂಚಿನಿಂದ 96 ಪಿಕ್ಸೆಲ್, ಮೇಲೆ ಕೆಳಗೆ 54 ಪಿಕ್ಸೆಲ್ ಒಳಗಿರಲಿ, ಅಂದರೆ ಪ್ರತಿ ಅಂಚಿನಿಂದ ಶೇ. 5. ಕೇಬಲ್ ಚಾನೆಲ್‌ಗಳು ಕೆಳಗೆ ಸ್ಕ್ರೋಲ್ ಓಡಿಸುತ್ತವೆ. ಆ ಚಾನೆಲ್ಲನ್ನು ಹತ್ತು ನಿಮಿಷ ನೋಡಿ ಅದರ ಸ್ಕ್ರೋಲ್ ಎಷ್ಟು ಎತ್ತರ ನುಂಗುತ್ತದೆ ಎಂದು ಅಳೆದುಕೊಂಡು ಗುರುತಿನ ಜಾಗವನ್ನು ಅದಕ್ಕಿಂತ ಮೇಲೆ ಇಡಿ.

ಧ್ವನಿ

ಮಾತು ಒಂದು, ಬರಹ ಇನ್ನೊಂದು ಆದರೆ ಎರಡೂ ಕೆಡುತ್ತವೆ. ಪರದೆಯಲ್ಲಿ "ಹಳೇ ಬಸ್ ನಿಲ್ದಾಣದ ಎದುರು" ಎಂದಿದ್ದು ಧ್ವನಿ "ಇಂದೇ ಭೇಟಿ ಕೊಡಿ" ಎಂದರೆ ಕಣ್ಣಿನ ಓದು ಅಲ್ಲಿಗೇ ನಿಂತುಬಿಡುತ್ತದೆ. ಏನು ಬರೆದಿದೆಯೋ ಅದನ್ನೇ, ಅದೇ ಕ್ರಮದಲ್ಲಿ ಹೇಳಿಸಿ.

ಲೋಗೋ ಬೀಳುವಾಗ ಬರುವ ಸಣ್ಣ ನಾದವನ್ನು ಚಿತ್ರದ ಫ್ರೇಮ್‌ಗೆ ಸರಿಯಾಗಿ ಇಡುವುದಕ್ಕಿಂತ 2 ಫ್ರೇಮ್ ತಡವಾಗಿ ಇಡಿ. ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ ಜನ ಗುರುತಿಸುತ್ತಾರೆ, ಹಿಂದಾದರೆ 125ರವರೆಗೆ ಗಮನಿಸುವುದಿಲ್ಲ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸು. 2 ಫ್ರೇಮ್ ಅಂದರೆ 80 ಮಿಲಿಸೆಕೆಂಡು, ನಿಶ್ಚಿಂತೆಯ ಅಂತರ. ಆ ನಾದ ಪ್ರತಿ ಜಾಹೀರಾತಿನಲ್ಲೂ ಒಂದೇ ಆಗಿರಲಿ. ಬ್ರಿಟಾನಿಯಾ ಕಂಪನಿಯ "ಟಿಂಗ್ ಟಿಂಗ್" ಅಡುಗೆಮನೆಯಲ್ಲಿ ಕೇಳಿಸಿದರೂ ಪರದೆ ನೋಡದೆ ಯಾವುದೆಂದು ತಿಳಿಯುತ್ತದಲ್ಲ, ಅದು ವರ್ಷಗಟ್ಟಲೆ ಬದಲಾಗದೆ ಇದ್ದುದರ ಫಲ. ನಮ್ಮ ಅಂಗಡಿಗೆ ಒಂದು ಹಿತ್ತಾಳೆ ಪಾತ್ರೆಯ ಮೇಲೆ ಸೌಟು ತಾಗಿದ ಸದ್ದೇ ಸಾಕು.

ಹಿನ್ನೆಲೆ ಸಂಗೀತ 19:20ರ ಹೊತ್ತಿಗೆ ತಾನಾಗಿ ಆರಿಹೋಗಿರಲಿ. ಕೊನೆಯ ಫ್ರೇಮ್‌ವರೆಗೂ ಮೊಳಗುತ್ತಿದ್ದರೆ ಚಾನೆಲ್‌ನಲ್ಲಿ ಅದು ಕತ್ತರಿಸಿದಂತೆ ಕೇಳುತ್ತದೆ.

ಚಿತ್ರಮಂದಿರಕ್ಕೆ, ಫೋನಿಗೆ

ಸಿನಿಮಾ ಪ್ರೊಜೆಕ್ಷನ್ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ನಮ್ಮ 500 ಫ್ರೇಮ್‌ಗಳನ್ನು ಹಾಗೇ 24ರಲ್ಲಿ ಓಡಿಸಿದರೆ 20.8 ಸೆಕೆಂಡು ಆಗುತ್ತದೆ, ಧ್ವನಿಯೂ ತುಸು ಇಳಿಯುತ್ತದೆ. ನೀವು ಕೊಂಡ ಸ್ಲಾಟ್ 20 ಸೆಕೆಂಡಿನದಾದರೆ ಕತ್ತರಿ ಬೀಳುವುದು ತುದಿಗೇ. ಚಿತ್ರಮಂದಿರಕ್ಕೆ ಕೊಡುವವರು ಯಾವ ಫ್ರೇಮ್ ದರ ಕೇಳುತ್ತಾರೆ ಎಂದು ವಿಚಾರಿಸಿ, ಅದಕ್ಕೆ ಬೇರೆಯೇ ಎಕ್ಸ್‌ಪೋರ್ಟ್ ಮಾಡಿ, ಕೊನೆಯ ಭಾಗವನ್ನು ಕಿವಿಗೊಟ್ಟು ಕೇಳಿ.

ಫೋನಿನ ಲಂಬ ಆವೃತ್ತಿಯಲ್ಲಿ ಬಲಭಾಗವನ್ನು ಲೈಕ್, ಶೇರ್ ಗುಂಡಿಗಳೂ ಕೆಳಭಾಗವನ್ನು ಖಾತೆಯ ಹೆಸರು, ವಿವರಣೆಯೂ ಮುಚ್ಚುತ್ತವೆ. ಲೋಗೋ, ಜಾಗ ಎರಡೂ ನಡುವಿಗಿಂತ ತುಸು ಮೇಲೆ ಬರಲಿ. ರೀಲ್ ಮುಗಿದ ಕೂಡಲೇ ಮೊದಲಿಂದ ಓಡುವುದರಿಂದ ಕೊನೆಯ 20 ಫ್ರೇಮ್ ಬಿಡುವು ಇಲ್ಲೂ ಬೇಕು. ಬಹಳ ಜನ ಕೊನೆಯವರೆಗೆ ಕಾಯುವುದಿಲ್ಲವಾದ್ದರಿಂದ ಹೆಸರು ಮೊದಲ 2 ಸೆಕೆಂಡಿನಲ್ಲೂ ಒಮ್ಮೆ ಕಾಣಿಸಲಿ. ಮಾಲೀಕರ ಪ್ರೀತಿಯ ಮೊಬೈಲ್ ನಂಬರಿಗೆ ಸರಿಯಾದ ಜಾಗ ಇಲ್ಲಿದೆ: ವಿಡಿಯೊದೊಳಗಲ್ಲ, ಕೆಳಗಿನ ಕರೆ ಗುಂಡಿಯಲ್ಲಿ. ಯೂಟ್ಯೂಬ್‌ನ 6 ಸೆಕೆಂಡಿನ ಜಾಹೀರಾತು ಮಾಡುವುದಾದರೆ ಗುರುತಿನ ಜಾಗವನ್ನೂ ಬಿಡಬೇಕು. ಪಾತ್ರೆ ಕೈ ಬದಲಿಸುವ ಒಂದೇ ಶಾಟ್ ಮೇಲೆ ಅಡಿಬರಹ, ಆಮೇಲೆ ಎರಡೂವರೆ ಸೆಕೆಂಡು ಹೆಸರು, ಅಷ್ಟೇ.

ಪರೀಕ್ಷೆ

ಈ ಜಾಹೀರಾತಿನ ವಿಷಯವೇ ಗೊತ್ತಿಲ್ಲದ ಒಬ್ಬರನ್ನು ಹಿಡಿಯಿರಿ. ಟಿವಿಯಲ್ಲಿ, ಮನೆಯಲ್ಲಿ ಕೂರುವಷ್ಟೇ ದೂರದಿಂದ, ಬೇರೆ ಎರಡು ಜಾಹೀರಾತುಗಳ ನಡುವೆ ಸೇರಿಸಿ ಒಮ್ಮೆ ಮಾತ್ರ ತೋರಿಸಿ. ಮುಂಚಿತವಾಗಿ "ಗಮನಿಸಿ ನೋಡಿ" ಎನ್ನಬೇಡಿ. ಆಮೇಲೆ ಒಂದೆರಡು ನಿಮಿಷ ಮಳೆ, ಮಕ್ಕಳ ಶಾಲೆ ಎಂದು ಬೇರೇನಾದರೂ ಮಾತಾಡಿ, ನಂತರ ಕೇಳಿ: ಅದು ಯಾರ ಜಾಹೀರಾತು? ಅಂಗಡಿ ಎಲ್ಲಿದೆ? ಏನು ಹೇಳಿದರು?

ಉತ್ತರವೇ ದೋಷವನ್ನು ತೋರಿಸುತ್ತದೆ. ಅಡಿಬರಹ ನೆನಪಿದ್ದು ಹೆಸರು ಬಾರದಿದ್ದರೆ ಲೋಗೋ ಬಿದ್ದಾಗ ಕಣ್ಣು ಬೇರೆ ಕಡೆ ಇತ್ತು, ಅದರ ಜಾಗ ಬದಲಿಸಿ ಅಥವಾ ಹೆಸರಿನ ಮಾತನ್ನು ಇನ್ನೂ 5 ಫ್ರೇಮ್ ತಡ ಮಾಡಿ. ಹೆಸರು ಬಂದು ಜಾಗ ಬಾರದಿದ್ದರೆ ಎರಡರ ನಡುವಿನ ಬಿಡುವು ಸಾಲದು. "ಯಾವುದೋ ಪಾತ್ರೆ ಅಂಗಡಿ" ಎಂದರೆ ಹೆಸರು ಮೊದಲ ಸಲ ಕಂಡದ್ದೇ ಕೊನೆಯಲ್ಲಿ ಎಂದರ್ಥ. ಕೈಚೀಲವನ್ನೋ ಬೋರ್ಡನ್ನೋ ಕಥೆಯೊಳಗೆ ತನ್ನಿ. ಇನ್ನೊಬ್ಬರಿಗೆ ಧ್ವನಿ ಮುಚ್ಚಿ, ಮತ್ತೊಬ್ಬರಿಗೆ ಪರದೆಗೆ ಬೆನ್ನು ಮಾಡಿಸಿ ಕೇಳಿಸಿ ಇದೇ ಪ್ರಶ್ನೆ ಹಾಕಿ. ಹೋಟೆಲಿನ ಗೋಡೆಯ ಟಿವಿಗೆ ಧ್ವನಿ ಇರುವುದಿಲ್ಲ, ಅಡುಗೆಮನೆಯಲ್ಲಿರುವವರಿಗೆ ಚಿತ್ರ ಇರುವುದಿಲ್ಲ.

ಒಮ್ಮೆ ನೋಡಿದವರನ್ನು ಎರಡನೇ ಸಲ ಕೂರಿಸಬೇಡಿ. ತಿದ್ದಿದ ಪ್ರತಿಯೊಂದು ಆವೃತ್ತಿಗೂ ಹೊಸ ಕಣ್ಣು ಬೇಕು. ಹಾಗಾಗಿ ಅಕ್ಕಪಕ್ಕದವರನ್ನೆಲ್ಲ ಮೊದಲ ದಿನವೇ ಕರೆದು ತೋರಿಸದೆ ಒಬ್ಬೊಬ್ಬರನ್ನೇ ಉಳಿಸಿಕೊಳ್ಳಿ.